ಹೊಸ ಎನ್‌ವಿಎಂಇ ಬೂಟ್ ಆಗ್ತಿಲ್ಲ

"ಹೊಸ ಎನ್‌ವಿಎಂಇ ಡ್ರೈವ್‌ನ ಕೆಳಗಿನ ಸ್ಲಾಟಿಗೆ ಹಾಕಿದೆ, ಡೆಸ್ಕ್‌ಟಾಪ್ ಅದರಿಂದ ಬೂಟ್ ಆಗ್ತಿಲ್ಲ. ಡ್ರೈವ್ ಸತ್ತಿದೆಯಾ?"

ಅಂಗಡಿಗೆ ವಾಪಸ್ ಓಡಬೇಡಿ. ಮೊದಲು ಬಯೋಸ್‌ಗೆ ಹೋಗಿ `NVMe Configuration` ಥರದ ಪುಟದಲ್ಲಿ ಡ್ರೈವ್ ಹೆಸರು ಇದೆಯಾ ನೋಡಿ. ಬೂಟ್ ಪಟ್ಟಿಯನ್ನು ಮಾತ್ರ ನಂಬಬೇಡಿ, ಖಾಲಿ ಡ್ರೈವ್ ಅಲ್ಲಿ ಬರದೇ ಇರಬಹುದು. ಹೆಸರು ಇದ್ದರೆ ಡ್ರೈವ್ ಬದುಕಿದೆ ಅಂತ ಅರ್ಥ, `CSM` ಆಫ್ ಮಾಡಿ ವಿಂಡೋಸನ್ನು ಯುಇಎಫ್ಐ ಮೋಡ್‌ನಲ್ಲಿ ಹಾಕಿ.

ಹೆಸರೇ ಇಲ್ಲವಾ? ಬೋರ್ಡಿನ ಮ್ಯಾನ್ಯುಯಲ್ ತೆಗೆದು ಕೆಳಗಿನ ಸ್ಲಾಟ್ ಎದುರು `PCIe` ಅಂತ ಇದೆಯಾ, ಬರೀ `SATA` ಅಂತ ಇದೆಯಾ ನೋಡಿ. ಡ್ರೈವ್ ಸಲೀಸಾಗಿ ಕೂತಿತು ಅಂದ ಮಾತ್ರಕ್ಕೆ ಸ್ಲಾಟ್ ಸರಿ ಅಂತಲ್ಲ, ಸಾಟಾ ಮಾತ್ರ ಓದುವ ಕೆಲವು ಸ್ಲಾಟಿಗೂ ಅದು ಕೂರುತ್ತದೆ, ಆದರೆ ಕಾಣುವುದಿಲ್ಲ. ಹಾಗಿದ್ದರೆ `PCIe` ಅಂತ ಬರೆದಿರುವ ಇನ್ನೊಂದು ಸ್ಲಾಟಿಗೆ ಬದಲಿಸಿ.

ಆಮೇಲೆ ಸ್ಕ್ರೂ. ತುಮಕೂರಿನಲ್ಲಿ ನಮ್ಮ ಭಾವನ ಪಿಸಿಯಲ್ಲಿ ಸ್ಲಾಟ್ ಸರಿಯೇ ಇತ್ತು, ಆದರೆ ಸ್ಕ್ರೂ ಕಳೆದುಹೋಗಿ ಡ್ರೈವ್ ತುದಿ ಮೇಲಕ್ಕೆ ಎದ್ದು ನಿಂತಿತ್ತು, ಒಮ್ಮೆ ಕಾಣೋದು, ಇನ್ನೊಮ್ಮೆ ಮಾಯ! ಪವರ್ ವೈರ್ ಕಿತ್ತು, ಡ್ರೈವ್‌ನ ಓರೆಯಾಗಿ ಕೊನೆವರೆಗೂ ತಳ್ಳಿ, ಮೆಲ್ಲಗೆ ಕೆಳಗೆ ಒತ್ತಿ ಎಂ2 ಅಳತೆಯ ಸ್ಕ್ರೂ ಹಾಕಿ. 2280 ಡ್ರೈವ್ ಆದರೆ ಕೆಳಗಿನ ಪುಟ್ಟ ಕಂಬ 80 ಎಂಎಂ ತೂತಿನಲ್ಲಿರಬೇಕು. ಜಾಸ್ತಿ ಬಿಗಿ ಮಾಡಬೇಡಿ, ಬೋರ್ಡ್ ಬಾಗುತ್ತದೆ.