ಅಫಿಡವಿಟ್‌ನಲ್ಲಿರುವ ‘ಲೈಸೆನ್ಸ್’ ಅನ್ನು ‘ಬಾಡಿಗೆ’ ಮಾಡಬೇಡಿ

ಇಂಗ್ಲಿಷ್ ಅಫಿಡವಿಟ್ ಒಂದನ್ನು ಕನ್ನಡಕ್ಕೆ ಮಾಡುತ್ತಿದ್ದೇನೆ. ‘ಲೀವ್ ಅಂಡ್ ಲೈಸೆನ್ಸ್’, ‘ಲೈಸೆನ್ಸೀ’ ಅಂತ ಪದೇ ಪದೇ ಬರುತ್ತದೆ. ಬಾಡಿಗೆ, ಬಾಡಿಗೆದಾರ ಅಂತ ಬರೆದರೆ ಎಲ್ಲರಿಗೂ ತಿಳಿಯುತ್ತದೆ ಅಲ್ವಾ? ಇಂಗ್ಲಿಷ್ ಪದ ಯಾಕೆ ಇಟ್ಟುಕೊಳ್ಳಬೇಕು?

ತಿಳಿಯುತ್ತದೆ ನಿಜ. ಆದರೆ ಪ್ರಮಾಣ ಮಾಡಿದವರು ಹೇಳದೇ ಇರುವ ಮಾತು ತಿಳಿಯುತ್ತದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಒಂದು ಉದಾಹರಣೆಯನ್ನೇ ಬಿಡಿಸಿ ಹೇಳುತ್ತೇನೆ.

ತಿದ್ದಿಕೊಡಿ ಎಂದು ನನ್ನ ಹತ್ತಿರ ಬಂದಿದ್ದ ಅನುವಾದ ಅದು. ಮಳಿಗೆಯ ಒಡತಿ ದಾವಾ ಹಾಕಿದ್ದರು. ಅಫಿಡವಿಟ್‌ನ ಮೂಲ ಮಾತು ಹೀಗಿತ್ತು: ಪ್ರತಿವಾದಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡಿಕೊಳ್ಳಲು ಲೈಸೆನ್ಸ್ ಮಾತ್ರ ಕೊಟ್ಟಿದೆ, ತಿಂಗಳಿಗೆ ಲೈಸೆನ್ಸ್ ಶುಲ್ಕ ಕಟ್ಟುತ್ತಾನೆ, ಮಳಿಗೆಯ ಸ್ವಾಧೀನ ಈಗಲೂ ಒಡತಿಯಾದ ತನ್ನಲ್ಲೇ ಇದೆ. ಅನುವಾದಕರು ಓದಲು ಸಲೀಸಾಗಲಿ ಎಂದು ಬರೆದದ್ದು ಇದು: “ಪ್ರತಿವಾದಿಗೆ ಮಳಿಗೆಯನ್ನು ಬಾಡಿಗೆಗೆ ಕೊಟ್ಟಿದ್ದು, ಆತ ತಿಂಗಳಿಗೆ ಬಾಡಿಗೆ ಕಟ್ಟುತ್ತಾ ಸ್ವಾಧೀನದಲ್ಲಿದ್ದಾನೆ.” ವಾಕ್ಯ ಚೆನ್ನಾಗಿದೆ. ಆದರೆ ಒಡತಿಯ ವಾದ ಅಲ್ಲಿಗೇ ಮುಗಿಯಿತು.

ಯಾಕೆ ಅಂದರೆ, ಗುತ್ತಿಗೆ ಅಥವಾ ಬಾಡಿಗೆ ಎಂದರೆ ಆಸ್ತಿಯನ್ನು ಅನುಭವಿಸುವ ಹಕ್ಕನ್ನೇ ಇನ್ನೊಬ್ಬರಿಗೆ ದಾಟಿಸುವುದು. ಆಸ್ತಿ ವರ್ಗಾವಣೆ ಕಾಯ್ದೆ, 1882ರ 105ನೇ ಕಲಂ ಇದನ್ನು ಹೇಳುತ್ತದೆ. ಲೈಸೆನ್ಸ್ ಬೇರೆ. ಈಸ್‌ಮೆಂಟ್ ಕಾಯ್ದೆಯ 52ನೇ ಕಲಂ ಪ್ರಕಾರ ಅದು ಬರೀ ಅನುಮತಿ. ಆ ಅನುಮತಿ ಇಲ್ಲದಿದ್ದರೆ ಅಲ್ಲಿ ಇರುವುದೇ ತಪ್ಪಾಗುತ್ತಿತ್ತು, ಅಷ್ಟೇ. ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ. ಬಾಡಿಗೆದಾರ ಎಂದು ಒಮ್ಮೆ ಒಪ್ಪಿಕೊಂಡರೆ ಬಿಡಿಸುವ ದಾರಿಯೇ ಬದಲಾಗುತ್ತದೆ. ತಿಂಗಳ ಬಾಡಿಗೆಗೆ ಸಾಮಾನ್ಯವಾಗಿ ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ ಕೇಳುವ 15 ದಿನದ ನೋಟಿಸ್ ಕೊಟ್ಟಿರಾ ಎಂದು ಎದುರು ವಕೀಲರು ಮೊದಲು ಕೇಳುತ್ತಾರೆ. ‘ಅವನು ಬಾಡಿಗೆದಾರನೋ ಅಲ್ಲವೋ’ ಎನ್ನುವುದೇ ಜಗಳವಾಗಿದ್ದ ಕೇಸಿನಲ್ಲಿ, ತೀರ್ಪನ್ನು ಅನುವಾದಕರೇ ಬರೆದುಕೊಟ್ಟಂತಾಯಿತು.

ಪದ ಉಳಿಸಿದ ಮಾತ್ರಕ್ಕೆ ಒಡತಿ ಗೆಲ್ಲುತ್ತಾರೆ ಎಂದೂ ಅಲ್ಲ. 1959ರ ಅಸೋಸಿಯೇಟೆಡ್ ಹೋಟೆಲ್ಸ್ ಪ್ರಕರಣದಿಂದ ಸುಪ್ರೀಂ ಕೋರ್ಟ್ ಹೇಳಿಕೊಂಡು ಬಂದದ್ದೇನೆಂದರೆ, ಕಾಗದಕ್ಕೆ ಏನು ಹೆಸರಿಟ್ಟಿದ್ದೀರಿ ಎನ್ನುವುದಕ್ಕಿಂತ ಒಳಗೆ ಏನು ಕೊಟ್ಟಿದ್ದೀರಿ ಎನ್ನುವುದು ಮುಖ್ಯ. ಅದನ್ನು ನ್ಯಾಯಾಧೀಶರು ತೀರ್ಮಾನಿಸಲಿ. ನಾವು ತೀರ್ಮಾನಿಸಬಾರದು. ಎದುರು ಪಕ್ಷದವನು ತನ್ನ ಅಫಿಡವಿಟ್‌ನಲ್ಲಿ ‘ನಾನು ಟೆನೆಂಟ್’ ಎಂದಿದ್ದರೆ, ಅದನ್ನು ಬಾಡಿಗೆದಾರ ಎಂದೇ ಬರೆಯಬೇಕು.

ಹಾಗಾದರೆ ಇಂಗ್ಲಿಷ್ ಪದ ಯಾವಾಗ ಉಳಿಸಬೇಕು? ನಾನು ಕೇಳಿಕೊಳ್ಳುವುದು ಒಂದೇ: ನಾನು ಹಾಕುವ ಕನ್ನಡ ಪದ, ಈ ಕೇಸಿನಲ್ಲಿ ಜಗಳದಲ್ಲಿರುವ ವಿಷಯಕ್ಕೆ ಉತ್ತರ ಹೇಳಿಬಿಡುತ್ತದೆಯೇ? ಹೇಳುತ್ತದೆ ಎಂದಾದರೆ ಇಂಗ್ಲಿಷ್ ಪದವನ್ನು ಕನ್ನಡ ಲಿಪಿಯಲ್ಲಿ ಹಾಗೇ ಇಡಿ. ಇಲ್ಲವಾದರೆ ಕನ್ನಡವನ್ನೇ ಬಳಸಿ. ವಾದಿ, ಪ್ರತಿವಾದಿ, ಕ್ರಯಪತ್ರ, ಅಡಮಾನ, ತಡೆಯಾಜ್ಞೆ, ಇವೆಲ್ಲ ಕೋರ್ಟಿನಲ್ಲಿ ನುರಿತ ಪದಗಳು. ಇವುಗಳ ಜಾಗಕ್ಕೆ ಪ್ಲೇಂಟಿಫ್, ಮಾರ್ಟ್‌ಗೇಜ್ ಎಂದು ತುರುಕುವುದು ಬರೀ ಸೋಮಾರಿತನ.

ಇನ್ನೊಂದು ಕಡೆ ಎಡವುತ್ತೀರಿ. ಅದೇ ಅಫಿಡವಿಟ್‌ನ ಮುಂದಿನ ಪ್ಯಾರಾದಲ್ಲಿ ‘ಟ್ರೇಡ್ ಲೈಸೆನ್ಸ್’ ಬಂದಿತ್ತು. ಅದು ವ್ಯಾಪಾರಕ್ಕೆ ಸ್ಥಳೀಯ ಸಂಸ್ಥೆ ಕೊಡುವ ಪರವಾನಗಿ. ಅದನ್ನು ಪರವಾನಗಿ ಎಂದೇ ಬರೆಯಿರಿ. ಆಗ ಎರಡೂ ಬೇರೆ ಎಂದು ಓದುವವರಿಗೆ ತಾನಾಗಿ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ‘ಲೈಸೆನ್ಸ್’ಗಳನ್ನೂ ಬದಲಾಯಿಸಿದರೆ ಒಂದು ಕಡೆ ಖಂಡಿತ ಕೆಡುತ್ತದೆ.

ಇಂಗ್ಲಿಷ್ ಪದ ಉಳಿಸುವುದೇ ಯಾವಾಗಲೂ ಸುರಕ್ಷಿತ ಎಂದುಕೊಳ್ಳಬೇಡಿ. ‘ಲೀಸ್’ ನೋಡಿ. ಬೆಂಗಳೂರಿನಲ್ಲಿ ಮನೆ ಲೀಸ್‌ಗೆ ಇದೆ ಎಂದರೆ, ದೊಡ್ಡ ಮೊತ್ತ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇರುವುದು ಎಂದೇ ಜನ ತಿಳಿಯುತ್ತಾರೆ. ತಿಂಗಳ ಬಾಡಿಗೆಯ ಕರಾರಿಗೆ ನೀವು ‘ಲೀಸ್’ ಎಂದು ಬರೆದರೆ, ಸಾಕ್ಷಿ ಕಟ್ಟೆಯಲ್ಲಿ ನಿಂತವರು ಅಡ್ಡ ಪ್ರಶ್ನೆಗೆ ತಬ್ಬಿಬ್ಬಾಗುತ್ತಾರೆ. ಅಲ್ಲಿ ಗುತ್ತಿಗೆ ಅಥವಾ ಬಾಡಿಗೆ ಎನ್ನುವುದೇ ಸರಿ.

ಆದರೆ ಸಹಿ ಹಾಕುವವರಿಗೆ ಕನ್ನಡ ಮಾತ್ರ ಬರುತ್ತದೆ. ‘ಲೈಸೆನ್ಸ್’ ಅಂದರೆ ಅವರು ಡ್ರೈವಿಂಗ್ ಲೈಸೆನ್ಸ್ ಅಂದ್ಕೊಳ್ತಾರೆ. ಆವರಣದಲ್ಲಿ ನಾನೇ ಅರ್ಥ ಬರೆದುಬಿಡಲೇ?

ಬೇಡ. ಅಫಿಡವಿಟ್‌ನ ಒಳಗೆ ನೀವು ಸೇರಿಸಿದ ವಿವರಣೆ, ಅವರು ಆಣೆ ಮಾಡಿ ಹೇಳಿದ ಮಾತಾಗಿ ನಿಲ್ಲುತ್ತದೆ. ‘ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ಅರ್ಥವಾಗಿದೆ’ ಎಂದು ಕೊನೆಗೆ ಬರೆದಿರುತ್ತದೆಯಲ್ಲ, ಅದು ನಿಜವಾಗಬೇಕಾದರೆ ಸಹಿಗೆ ಮುಂಚೆಯೇ ವಕೀಲರಿಗೆ ತಿಳಿಸಿ. ವಿವರಣೆ ಬೇಕೆಂದರೆ ಅವರು ಮೂಲ ಇಂಗ್ಲಿಷಿನಲ್ಲೇ ಒಂದು ಸಾಲು ಸೇರಿಸಲಿ: ಕೀಲಿ ನನ್ನಲ್ಲೇ ಇರುತ್ತದೆ, ಬೆಳಿಗ್ಗೆ ನಾನೇ ತೆರೆಯುತ್ತೇನೆ, ಹೀಗೆ. ಅದನ್ನು ನೀವು ಅನುವಾದಿಸಿ. ಕೀಲಿ ಯಾರ ಹತ್ತಿರ ಇದೆ ಎನ್ನುವುದು ಎಂಥವರಿಗೂ ಅರ್ಥವಾಗುತ್ತದೆ, ಕೋರ್ಟಿಗೂ ಅದೇ ಬೇಕು. ಸಹಿ ಆಗಿಹೋಗಿದ್ದರೆ, ಅನುವಾದದ ಕೊನೆಯಲ್ಲಿ ನಿಮ್ಮ ದೃಢೀಕರಣದ ಕೆಳಗೆ ಬೇರೆಯಾಗಿ ‘ಅನುವಾದಕರ ಟಿಪ್ಪಣಿ’ ಎಂದು ಹಾಕಿ. ಪ್ಯಾರಾಗಳ ನಡುವೆ ಕೈಯಾಡಿಸಬೇಡಿ.

ಅನುವಾದದಲ್ಲಿ ಒಂದು ಇಂಗ್ಲಿಷ್ ಪದ ಇದ್ದರೂ ಕೋರ್ಟು ತಿರಸ್ಕರಿಸುತ್ತದೆ ಎಂದು ಟೈಪಿಂಗ್ ಅಂಗಡಿಯವರು ಹೇಳಿದರು. ಹೌದೇ?

ಸುಳ್ಳು. ಡಿಕ್ರಿ, ಕೋರ್ಟು, ನೋಟಿಸ್ ಇಲ್ಲದ ಕನ್ನಡ ದಾವಾ ಪತ್ರ ಒಂದನ್ನು ಅವರು ತೋರಿಸಲಿ. ಟೈಪಿಂಗ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಕಾನೂನು ಸಲಹೆಯನ್ನು ವಕೀಲರಿಂದ ಪಡೆಯಿರಿ.

ನೋಟರಿ ಸೀಲ್ ಬಿದ್ದಿದೆ. ಇನ್ನು ಅನುವಾದ ಸರಿ ಎಂದೇ ಲೆಕ್ಕ ಅಲ್ವಾ?

ಸೀಲಿನ ಪಕ್ಕ ಏನು ಬರೆದಿದೆ ಓದಿ. 1952ರ ನೋಟರಿ ಕಾಯ್ದೆಯಲ್ಲಿ ಅನುವಾದ ಪರಿಶೀಲಿಸುವ ಅಧಿಕಾರ ನೋಟರಿಗೆ ಇದೆ. ಆದರೆ ಅಲ್ಲಿ ಸಹಿಯನ್ನು ಮಾತ್ರ ದೃಢೀಕರಿಸಿದ್ದರೆ, ಅದು ಸಹಿಗೆ ಮಾತ್ರ.

‘ಅಫಿಡವಿಟ್’ ಪದಕ್ಕೇ ಕನ್ನಡ ಬೇಡವೇ?

‘ಪ್ರಮಾಣಪತ್ರ’ ಬಳಕೆಯಲ್ಲಿದೆ. ಆದರೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ ಲಗತ್ತಿಸಿರುವ ಕಡತದಲ್ಲಿ ಅದು ಗೊಂದಲ ಮಾಡುತ್ತದೆ. ಅಂಥ ಕಡೆ ಅಫಿಡವಿಟ್ ಎಂದೇ ಬರೆಯಿರಿ, ಕೊನೆಯವರೆಗೂ ಅದನ್ನೇ ಬಳಸಿ.

ಮೂಲದಲ್ಲಿ ಕರಾರಿನ ತಾರೀಖು ತಪ್ಪಿದೆ. ಅನುವಾದದಲ್ಲಿ ಸರಿಮಾಡಲೇ?

ಮಾಡಬೇಡಿ. ತಪ್ಪನ್ನು ತಪ್ಪಾಗಿಯೇ ಅನುವಾದಿಸಿ, ವಕೀಲರಿಗೆ ಫೋನ್ ಮಾಡಿ.