ಆರು ವಾಚು ತಂದ್ರೆ ಗಿಫ್ಟಾ, ವ್ಯಾಪಾರಾನಾ?

ಪ್ರಶ್ನೆ: ಸರ್, ವಿದೇಶದಿಂದ ಬರೋವಾಗ ಮನೆಯವ್ರಿಗೆ ಅಂತ ಒಂದೇ ಮಾಡೆಲ್ ವಾಚು ಆರು ತಂದಿದ್ದೆ. ಒಟ್ಟು ಬೆಲೆ ಡ್ಯೂಟಿ ಫ್ರೀ ಲಿಮಿಟ್ ಒಳಗೇ ಇತ್ತು, ಆದ್ರೂ ಏರ್‌ಪೋರ್ಟಲ್ಲಿ "ಇದು ಕಮರ್ಷಿಯಲ್ ಕ್ವಾಂಟಿಟಿ, ನಿಮಗೆ ಅಲೊವೆನ್ಸ್ ಬರಲ್ಲ" ಅಂದುಬಿಟ್ರು. ಅದೇ ವಾಚನ್ನ ಬಾಕ್ಸ್‌ಗಟ್ಟಲೆ ತರಿಸೋ ಅಂಗಡಿಯವ್ರಿಗೆ ನನಗಿಂತ ಕಮ್ಮಿ ಟ್ಯಾಕ್ಸ್ ಅಂತೆ. ಇದ್ಯಾವ ನ್ಯಾಯ?

ಉತ್ತರ: ನೀವು ಬೆಲೆ ಲೆಕ್ಕ ಹಾಕಿದೀರಿ, ಆಫೀಸರ್ ಆ ಲೆಕ್ಕಕ್ಕೆ ಇನ್ನೂ ಬಂದೇ ಇರ್ಲಿಲ್ಲ. ಅವರು ಮೊದ್ಲು ನೋಡೋದು ಇದು ಬ್ಯಾಗೇಜಾ ಅಲ್ವಾ ಅನ್ನೋದನ್ನ. ಬ್ಯಾಗೇಜು ಅಂತ ಆದ್ರೆ ತಾನೆ ಬ್ಯಾಗೇಜಿನ ಅಲೊವೆನ್ಸು. ಯುರೋಪಿಯನ್ ಯೂನಿಯನ್‌ನ 2007ರ ನಿಯಮದಲ್ಲಿ ಇದನ್ನ ಬಿಡಿಸಿ ಬರೆದಿದಾರೆ: ಯಾವಾಗ್ಲೋ ಒಮ್ಮೆ ತರೋ ಸಾಮಾನಾಗಿರ್ಬೇಕು, ಸ್ವಂತಕ್ಕೋ ಮನೆಯವ್ರಿಗೋ ಇಲ್ಲಾ ಉಡುಗೊರೆಗೋ ಆಗಿರ್ಬೇಕು, ಸಾಮಾನು ಎಂಥದ್ದು ಎಷ್ಟಿದೆ ಅನ್ನೋದು ನೋಡಿದ್ರೆ ವ್ಯಾಪಾರದ ವಾಸನೆ ಬರಬಾರ್ದು. ಭಾರತದ 1962ರ ಕಸ್ಟಮ್ಸ್ ಕಾಯ್ದೆಯ 79ನೇ ಸೆಕ್ಷನ್ ಹೇಳೋದೂ ಹೆಚ್ಚೂಕಮ್ಮಿ ಇದನ್ನೇ, ಪ್ರಯಾಣಿಕರಿಗೆ ಅಥವಾ ಅವರ ಕುಟುಂಬಕ್ಕೆ ಬೇಕಾದದ್ದು, ಇಲ್ಲಾ ನಿಜವಾದ ಗಿಫ್ಟು, ನೆನಪಿನ ವಸ್ತು. ನೋಡಿ, ಇಷ್ಟೇ ಪೀಸ್ ಅಂತ ಎರಡ್ರಲ್ಲೂ ಇಲ್ಲ. ಅದಕ್ಕೇ "ಐದು ತಂದ್ರೆ ಓಕೆ, ಆರಾದ್ರೆ ಹಿಡೀತಾರೆ" ಅಂತ ಯಾರಾದ್ರೂ ಹೇಳಿದ್ರೆ ನಂಬೋಕೆ ಹೋಗ್ಬೇಡಿ.

ಹಾಗಾದ್ರೆ ಗೊತ್ತು ಮಾಡ್ಕೊಳೋದು ಹೇಗೆ ಅಂದ್ರೆ, ಸೂಟ್‌ಕೇಸೇ ಹೇಳುತ್ತೆ. ಆರು ವಾಚು, ಆರೂ ಒಂದೇ ಬಣ್ಣ, ಸೀಲ್ ಒಡೆದಿಲ್ಲ, ಎಲ್ಲಾ ಒಂದೇ ಬಿಲ್ಲಲ್ಲಿ, ಜೊತೆಗೆ ಹೋದ ತಿಂಗಳೂ ಅದರ ಹಿಂದಿನ ತಿಂಗಳೂ ಹೀಗೇ ಮೂರು ದಿನಕ್ಕೆ ಹೋಗಿ ಬಂದಿರೋ ಸೀಲು ಪಾಸ್‌ಪೋರ್ಟಲ್ಲಿ ಇದ್ರೆ ಯಾರಿಗಾದ್ರೂ ಡೌಟ್ ಬರುತ್ತೆ. ಬಟ್ಟೆ ಆದ್ರೆ ಒಂದೇ ಡಿಸೈನು ಸ್ಮಾಲ್ ಮೀಡಿಯಂ ಲಾರ್ಜ್ ಅಂತ ಸಾಲಾಗಿ ಇದ್ರೆ ಅದು ಅಂಗಡಿ ಸ್ಟಾಕೇ, ಮನೆಯವ್ರಿಗೆ ತರೋರು ಹಾಗೆ ತರಲ್ಲ. ಅದೇ ಆರು ವಾಚಲ್ಲಿ ಎರಡು ಗಂಡಸರದ್ದು, ಮೂರು ಹೆಂಗಸರದ್ದು, ಒಂದು ಮಕ್ಕಳದ್ದು ಆಗಿದ್ದು, ಯಾವುದು ಯಾರಿಗೆ ಅಂತ ನೀವು ತಡವರಿಸದೆ ಹೇಳಿದ್ರೆ ಮಾತೇ ಬೇರೆ ಆಗ್ತಿತ್ತು. ನೀವು ಸುಳ್ಳು ಹೇಳಿದೀರಿ ಅಂತಲ್ಲ, ನಿಮ್ಮ ಮನಸ್ಸಲ್ಲಿ ಇರೋದು ಆಫೀಸರ್‌ಗೆ ಕಾಣ್ಸಲ್ಲ, ಬ್ಯಾಗಲ್ಲಿ ಇರೋದಷ್ಟೇ ಕಾಣ್ಸೋದು.

ಈ ಅಲೊವೆನ್ಸ್ ಯಾಕೆ ಕೊಟ್ರು ಅನ್ನೋದಕ್ಕೆ ಬರೋಣ, ಯಾಕಂದ್ರೆ ಸುಮಾರು ಜನ ಇದನ್ನ ತಮ್ಮ ಹಕ್ಕು ಅಥವಾ ಸರ್ಕಾರದ ಉಡುಗೊರೆ ಅಂದ್ಕೊಂಡಿದಾರೆ. ಅಸಲಿಗೆ ಇದು ಕೆಲಸ ಉಳಿಸೋ ದಾರಿ. ಕಂಟೇನರ್‌ನಲ್ಲಿ ಒಂದು ವಸ್ತು ಬಂದ್ರೆ ಅದು ಯಾವ ಬಗೆಯ ಸಾಮಾನು ಅಂತ ಗುರುತಿಸೋ ಎಚ್‌ಎಸ್ ಕೋಡ್ ಯಾವುದು ಅಂತ ಗೊತ್ತು ಮಾಡ್ಬೇಕು, ಇನ್‌ವಾಯ್ಸ್ ಬೆಲೆ ಸರಿನಾ ನೋಡ್ಬೇಕು, ಯಾವ ದೇಶದಲ್ಲಿ ತಯಾರಾಯ್ತು ನೋಡ್ಬೇಕು, ಆಮೇಲೆ ರೇಟು. ಬರೀ ವಾಚಲ್ಲೇ ಕ್ವಾರ್ಟ್ಜಾ ಆಟೋಮ್ಯಾಟಿಕ್ಕಾ, ಕೇಸು ಚಿನ್ನದ್ದಾ ಸ್ಟೀಲಿಂದಾ ಅನ್ನೋದರ ಮೇಲೆ ಕೋಡು ಬದಲಾಗುತ್ತೆ. ಇದನ್ನೆಲ್ಲ ಒಂದು ವಿಮಾನದಿಂದ ಇಳಿದ ಮುನ್ನೂರು ಜನರ ಒಂದೊಂದು ಬ್ಯಾಗ್‌ಗೂ ಮಾಡ್ತಾ ಕೂತ್ರೆ ವಸೂಲಾಗೋ ಟ್ಯಾಕ್ಸಿಗಿಂತ ವಸೂಲಿ ಖರ್ಚೇ ಜಾಸ್ತಿ ಆಗುತ್ತೆ, ಬೆಲ್ಟ್ ಹತ್ರ ನಿಂತಿರೋರು ಬೆಳಗಿನ ತನಕ ಅಲ್ಲೇ ನಿಂತಿರ್ಬೇಕಾಗುತ್ತೆ. ಅದಕ್ಕೆ ಸಣ್ಣ ಮೊತ್ತ ಬಿಟ್ಟುಬಿಡಿ ಅನ್ನೋದು ದೇಶದೇಶಗಳ ನಡುವೆ ಒಪ್ಪಿರೋ ಮಾತು. 1999ರಲ್ಲಿ ಪರಿಷ್ಕರಿಸಿದ ಕ್ಯೋಟೋ ಒಪ್ಪಂದದಲ್ಲಿ (ಹವಾಮಾನದ್ದಲ್ಲ, ಕಸ್ಟಮ್ಸಿಗೂ ಒಂದು ಕ್ಯೋಟೋ ಇದೆ) ಪ್ರಯಾಣಿಕರಿಗೆ ಅಂತಲೇ ಒಂದು ಅಧ್ಯಾಯ ಇದೆ, 200 ಸಿಗರೇಟು, 2 ಲೀಟರ್ ವೈನ್ ಅಥವಾ 1 ಲೀಟರ್ ಗಟ್ಟಿ ಮದ್ಯ ಅನ್ನೋ ಅಂಕಿಗಳು ಅಲ್ಲಿಯ ಶಿಫಾರಸಲ್ಲೂ ಇವೆ. ಇವು ಕನಿಷ್ಠ ಇಷ್ಟಾದ್ರೂ ಬಿಡಿ ಅನ್ನೋ ಸಲಹೆ ಅಷ್ಟೇ, ಎಷ್ಟು ಬಿಡೋದು ಅಂತ ಕೊನೆಗೆ ಆಯಾ ದೇಶದ ನಿರ್ಧಾರ.

ಅಲೊವೆನ್ಸ್ ದಾಟಿದ್ರೂ ಪ್ರಯಾಣಿಕರಿಗೆ ಸಾಮಾನ್ಯವಾಗಿ ಅದೇ ಸರಳ ದಾರಿ ಸಿಗುತ್ತೆ, ಅದೇ ಫ್ಲಾಟ್ ರೇಟು. ಭಾರತದ ಟಾರಿಫ್‌ನಲ್ಲಿ, ಅಂದ್ರೆ ಡ್ಯೂಟಿ ರೇಟುಗಳ ಪಟ್ಟೀಲಿ, 9803 ಅಂತ ಒಂದು ಹೆಡ್ಡಿಂಗ್ ಇದೆ, ಪ್ರಯಾಣಿಕರು ಬ್ಯಾಗೇಜಲ್ಲಿ ತಂದ ಡ್ಯೂಟಿ ಬೀಳೋ ಸಾಮಾನು ಕೆಲವು ಬಿಟ್ರೆ ಎಲ್ಲಾ ಅಲ್ಲಿಗೇ, ವಾಚಾಗ್ಲಿ ಮಿಕ್ಸರ್ ಆಗ್ಲಿ ಕೋಡ್ ಹುಡುಕೋ ಗೋಜೇ ಇಲ್ಲ. ಯುರೋಪಿಯನ್ ಯೂನಿಯನ್‌ನಲ್ಲಿ 700 ಯೂರೋ ತನಕದ ಸಾಮಾನಿಗೆ 2.5% ಫ್ಲಾಟ್ ಡ್ಯೂಟಿ. ಫ್ಲಾಟ್ ರೇಟು ಕೆಲವು ಸಾಮಾನಿಗೆ ಲಾಭ, ಕೆಲವಕ್ಕೆ ನಷ್ಟ, ಸರಾಸರಿಯಲ್ಲಿ ಎಲ್ಲವನ್ನೂ ಒಂದೇ ತಕ್ಕಡೀಲಿ ತೂಗಿದ್ರೆ ಹಾಗೇ ಆಗೋದು.

ಈಗ ನಿಮ್ಮ "ಅಂಗಡಿಯವ್ರಿಗೆ ಕಮ್ಮಿ" ಅನ್ನೋ ಸಂಕಟ. ಸುಮ್ನೆ ಒಂದು ಲೆಕ್ಕಕ್ಕೆ, ಇಬ್ರಿಗೂ ಡ್ಯೂಟಿ 10%, ಅದರ ಮೇಲೆ ವ್ಯಾಟ್ ಅಥವಾ ಜಿಎಸ್‌ಟಿ ಥರದ ಟ್ಯಾಕ್ಸು 20% ಅಂತ ಇಟ್ಕೊಳಿ, ರೇಟಲ್ಲಿ ವ್ಯತ್ಯಾಸವೇ ಇಲ್ಲ. ನೀವು ಅಲ್ಲಿ ಅಂಗಡಿಗೆ ಹೋಗಿ 100 ಕೊಟ್ಟು ವಾಚ್ ತಗೊಂಡ್ರಿ. ಡ್ಯೂಟಿ 10, ಆಮೇಲೆ 110ರ ಮೇಲೆ 22, ಒಟ್ಟು 32. ವ್ಯಾಪಾರಿ ಅದೇ ವಾಚನ್ನ ಫ್ಯಾಕ್ಟರಿಯಿಂದ ಹೋಲ್‌ಸೇಲಲ್ಲಿ 60ಕ್ಕೆ ತರಿಸ್ತಾನೆ, ಸಾಗಣೆ ಇನ್ಶೂರೆನ್ಸು 4 ಸೇರಿಸಿ 64. ಡ್ಯೂಟಿ 6.40, ಆಮೇಲೆ 70.40ರ ಮೇಲೆ 14.08. ಕಟ್ಟೋದೇನೋ 20.48, ಆದ್ರೆ ಆ 14.08ನ್ನ ಅವನು ಮುಂದೆ ಮಾರಿದಾಗ ಕ್ರೆಡಿಟ್ ತಗೋತಾನೆ, ಹಾಗಾಗಿ ಅವನ ಕೈಯಿಂದ ನಿಜವಾಗ್ಲೂ ಹೋಗೋದು 6.40 ಮಾತ್ರ. ನಿಮ್ಮ 32ರ ಪಕ್ಕ ಅವನ 6.40 ಇಟ್ರೆ ಹೊಟ್ಟೆ ಉರಿಯೋದು ಸಹಜವೇ.

ಆದ್ರೆ ಲೆಕ್ಕ ಅಲ್ಲಿಗೇ ನಿಲ್ಲಲ್ಲ. ಅವನು ಆ ವಾಚನ್ನ ಟ್ಯಾಕ್ಸ್ ಬಿಟ್ಟು 110ಕ್ಕೆ ಮಾರಿದ ಅಂದ್ರೆ ಗಿರಾಕಿ ಹತ್ರ 22 ವಸೂಲಾಗುತ್ತೆ, ಅದ್ರಲ್ಲಿ 14.08 ಆಗ್ಲೇ ಗಡಿಯಲ್ಲಿ ಕಟ್ಟಿರೋದು, ಬಾಕಿ 7.92 ಈಗ ಸರ್ಕಾರಕ್ಕೆ ಹೋಗುತ್ತೆ. ಅಂದ್ರೆ ಆ ಟ್ಯಾಕ್ಸು ಪೂರ್ತಿ 22 ಬಂದೇ ಬಂತು, ಕೊಟ್ಟೋರು ಮಾತ್ರ ಗಿರಾಕಿ. ನಿಮ್ಮ ವಿಷ್ಯದಲ್ಲಿ ಆಮದು ಮಾಡಿದೋರೂ ನೀವೇ, ಗಿರಾಕಿನೂ ನೀವೇ, ಮುಂದಕ್ಕೆ ದಾಟಿಸೋಕೆ ಯಾರೂ ಇಲ್ಲ. ಡ್ಯೂಟೀಲಿ ಉಳಿಯೋ ವ್ಯತ್ಯಾಸ 3.60, ಅದು ಯಾಕಂದ್ರೆ ಅವನು ಹೋಲ್‌ಸೇಲ್ ಬೆಲೆ ಕೊಟ್ಟ, ನೀವು ಆ ಊರಿನ ಅಂಗಡಿಯವ್ರ ಲಾಭಾನೂ ಸೇರಿಸಿ ಕೊಟ್ರಿ. ಇದರ ಜೊತೆಗೆ ಅವನು ಆಮದುದಾರ ಅಂತ ನೋಂದಣಿ ಮಾಡಿಸಿರ್ಬೇಕು, ಕ್ಲಿಯರಿಂಗ್ ಏಜೆಂಟ್‌ಗೆ ಕೊಡ್ಬೇಕು, ಕೆಲವು ಸಾಮಾನಿಗೆ ಟೆಸ್ಟಿಂಗು ಲೇಬಲ್ಲು ವಾರಂಟಿ ಎಲ್ಲಾ ಅವನ ತಲೆ ಮೇಲೆ. ನಿಮಗೆ ಇದ್ಯಾವುದೂ ಇಲ್ಲ. ನನ್ನ ಕೇಳಿದ್ರೆ, ಸೂಟ್‌ಕೇಸಲ್ಲಿ ತಂದು ಮಾರೋರನ್ನ ತಡೆಯೋಕೆ ಮುಖ್ಯ ಕಾರಣ ಇದೇ, ಡ್ಯೂಟಿ ಹೋಗುತ್ತೆ ಅನ್ನೋದಕ್ಕಿಂತ ಆಮೇಲೆ ಮಾರಾಟದ ಟ್ಯಾಕ್ಸು, ಟೆಸ್ಟಿಂಗು ಎಲ್ಲಾ ತಪ್ಪಿಹೋಗುತ್ತೆ.

ಇನ್ನೊಂದು ಕಡೆ ಜನ ಎಡವೋದು ಲಿಮಿಟ್ ದಾಟಿದಾಗ. ಎಲ್ಲಾ ಕೂಡಿ ಅದ್ರಲ್ಲಿ ಲಿಮಿಟ್ ಕಳೆದ್ರೆ ಉಳಿದಿದ್ದಕ್ಕೆ ಟ್ಯಾಕ್ಸು ಅಂದ್ಕೋತಾರೆ, ಎಲ್ಲಾ ಕಡೆ ಹಾಗಿಲ್ಲ. ಯುರೋಪಿಯನ್ ಯೂನಿಯನ್‌ಗೆ ವಿಮಾನದಲ್ಲಿ ಬಂದ್ರೆ ಲಿಮಿಟ್ 430 ಯೂರೋ, ಒಂದು ವಸ್ತುವಿನ ಬೆಲೆಯನ್ನ ಒಡೆಯೋ ಹಾಗಿಲ್ಲ. 520ರ ಒಂದು ಲೆದರ್ ಬ್ಯಾಗು, 250ರ ಬಟ್ಟೆ ಇದೆ ಅನ್ನಿ, ಒಟ್ಟು 770. ನೀವು 770ರಲ್ಲಿ 430 ಕಳೆದು 340ಕ್ಕೆ ಲೆಕ್ಕ ಹಾಕ್ತೀರಿ. ಅವರು ಬಟ್ಟೆ 250 ಫ್ರೀ ಬಿಟ್ಟು ಬ್ಯಾಗಿನ 520ಕ್ಕೂ ಹಾಕ್ತಾರೆ: 2.5% ಅಂದ್ರೆ 13, ಅಲ್ಲಿನ ವ್ಯಾಟ್ 20% ಇದ್ರೆ 533ರ ಮೇಲೆ 106.60, ಒಟ್ಟು 119.60. ಜೊತೆಗೆ ಹೆಂಡ್ತಿ ಇದಾರೆ, ಇಬ್ರದ್ದೂ ಸೇರಿ 860 ಆಯ್ತಲ್ಲ ಅಂದ್ರೂ ಒಂದೇ ಬ್ಯಾಗನ್ನ ಇಬ್ರ ಹೆಸರಿಗೆ ಅರ್ಧ ಅರ್ಧ ಮಾಡಕ್ಕಾಗಲ್ಲ. ಅಮೆರಿಕದಲ್ಲಿ ಇದಕ್ಕೆ ಉಲ್ಟಾ, ಅಲ್ಲಿನ ನಿವಾಸಿಗಳಿಗೆ ಸಾಮಾನ್ಯವಾಗಿ 800 ಡಾಲರ್, ಒಂದೇ ಮನೆಯವ್ರು ಒಟ್ಟಿಗೆ ಬಂದ್ರೆ ಸೇರಿಸಿ ಡಿಕ್ಲೇರ್ ಮಾಡ್ಬಹುದು, ಆದ್ರೆ ಪೂರ್ತಿ ಅಲೊವೆನ್ಸು 30 ದಿನಕ್ಕೆ ಒಂದೇ ಸಲ. ಪದೇಪದೇ ಓಡಾಡಿ ಸಾಮಾನು ಸಾಗಿಸೋರಿಗೆ ಹಾಕಿರೋ ಬೇಲಿ ಅದು. ಆದ್ದರಿಂದ ಹೊರಡೋಕೆ ಮುಂಚೆ ಇಳಿಯೋ ದೇಶದ ಕಸ್ಟಮ್ಸ್ ಸೈಟಲ್ಲಿ ಮೊತ್ತದ ಜೊತೆ ಒಡೆಯಬಹುದಾ, ಸೇರಿಸಬಹುದಾ, ಎಷ್ಟು ದಿನಕ್ಕೊಮ್ಮೆ ಅನ್ನೋದನ್ನೂ ನೋಡ್ಕೊಳಿ.

ಅಂದಹಾಗೆ ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡೀಲಿ ತಗೊಂಡಿದ್ದು, ಅದಕ್ಕೆ ಟ್ಯಾಕ್ಸ್ ಇಲ್ಲ ಅನ್ನೋರು ಬಹಳ ಜನ ಸಿಗ್ತಾರೆ. ಹೊರಡೋವಾಗ ತಗೊಂಡಿದ್ರೆ ಆ ಫ್ರೀ ಅನ್ನೋದು ಹೊರಟ ದೇಶದ ಟ್ಯಾಕ್ಸಿಗೆ, ಇಳಿಯೋ ದೇಶಕ್ಕೂ ಅದಕ್ಕೂ ಸಂಬಂಧ ಇಲ್ಲ, ಅದೂ ನಿಮ್ಮ ಅಲೊವೆನ್ಸಲ್ಲೇ ಎಣಿಕೆ ಆಗುತ್ತೆ. ಅಲ್ಲಿ ಟ್ಯಾಕ್ಸ್ ರೀಫಂಡ್ ತಗೊಂಡಿದ್ರೂ ಅಷ್ಟೇ, ಸಾಮಾನು ದೇಶ ಬಿಟ್ಟು ಹೋಗ್ತಿದೆ ಅಂತ ನೀವೇ ಸೈನ್ ಹಾಕಿ ದುಡ್ಡು ವಾಪಸ್ ತಗೊಂಡಿರ್ತೀರಿ, ಇಲ್ಲಿ ಬಂದು ಇದು ನನ್ನ ಹಳೇದು ಅನ್ನೋಕೆ ಬಾಯಿ ಬರುತ್ತಾ?

ನಿಮ್ಮ ವಾಚಿನ ವಿಷ್ಯಕ್ಕೆ ವಾಪಸ್ ಬಂದ್ರೆ, ನೀವು ಕೆಂಪು ಚಾನೆಲ್‌ಗೆ ಹೋಗಿ ತೋರಿಸಿದ್ರಾ, ಹಸಿರಲ್ಲಿ ಬರ್ತಾ ಇದ್ದಾಗ ನಿಲ್ಲಿಸಿದ್ರಾ ಅಂತ ಬರ್ದಿಲ್ಲ. ಹಸಿರಲ್ಲಿ ನಡೆದ್ರಿ ಅಂದ್ರೆ "ಹೇಳೋಕೆ ಏನೂ ಇಲ್ಲ" ಅಂತ ಹೇಳಿದ ಹಾಗೇ ಲೆಕ್ಕ, ಆಮೇಲೆ ಡ್ಯೂಟಿ ಜೊತೆ ದಂಡದ ಮಾತೂ ಬರುತ್ತೆ. ಕೆಂಪಲ್ಲಿ ಹೋಗಿದ್ರೆ ಜಗಳ ವಾಚು ಯಾರಿಗೆ ಅನ್ನೋದರ ಬಗ್ಗೆ ಮಾತ್ರ. ಸಾಮಾನು ತಡೆದಿಟ್ಟಿದ್ರೆ ರಸೀದಿಯಲ್ಲಿ ಏನು ಕಾರಣ ಬರೆದಿದಾರೆ ನೋಡಿ, ಬಿಲ್ಲು, ಕಾರ್ಡ್ ಸ್ಟೇಟ್‌ಮೆಂಟು, ಆರು ವಾಚೂ ಯಾವ ಸಂದರ್ಭಕ್ಕೆ ತಂದದ್ದು ಅನ್ನೋದಕ್ಕೆ ಏನಾದ್ರೂ ಆಧಾರ (ಮದುವೆ ಕಾಗದ ಇದ್ರೂ ಆಗುತ್ತೆ) ಜೋಡಿಸಿ ಲಿಖಿತ ಉತ್ತರ ಕೊಡಿ. ಮೇಲ್ಮನವಿಗೆ ಟೈಮ್ ಲಿಮಿಟ್ ಇರುತ್ತೆ, ಆದೇಶದ ಕೊನೆ ಪುಟದಲ್ಲಿ ಸಾಮಾನ್ಯವಾಗಿ ಹಾಕಿರ್ತಾರೆ, ಮೊದ್ಲು ಅದನ್ನ ಓದಿ.