ಟೈಮ್‌ಲ್ಯಾಪ್ಸ್‌ನ ಮಿಣುಕು ಮೊದಲೋ, ಅಲುಗಾಟ ಮೊದಲೋ?

ಬೇಕಲ ಕೋಟೆಯ ಬುರುಜು ಮತ್ತು ಕಡಲನ್ನು ಸಂಜೆ ಹೊತ್ತಿಗೆ 5 ಸೆಕೆಂಡಿಗೆ ಒಂದರಂತೆ 750 ಫೋಟೊ ತೆಗೆದೆ. ಎಲ್ಲವೂ ಮ್ಯಾನ್ಯುಯಲ್, f/11. ಆದರೂ ವಿಡಿಯೊ ಮಾಡಿದರೆ ಬೆಳಕು ಮಿಣುಕುತ್ತದೆ. ಗಾಳಿಗೆ ಟ್ರೈಪಾಡ್ ಕೂಡ ಅಲುಗಿದೆ. ಸ್ಟೆಬಿಲೈಸ್ ಮಾಡಿದರೆ ಕೋಟೆಯೇ ತೇಲಾಡುತ್ತದೆ. ಏನು ಮಾಡಲಿ?
— ಕುಂಬಳೆಯ ಓದುಗರು

ಸಾಫ್ಟ್‌ವೇರ್ ತೆರೆಯುವ ಮುನ್ನ ನಾಲ್ಕಾರು ಫೋಟೊಗಳ ಮಾಹಿತಿ ನೋಡಿ. ಶಟರ್, ಐಎಸ್‌ಒ ಎಲ್ಲದರಲ್ಲೂ ಒಂದೇ ಇದ್ದು, ಅಕ್ಕಪಕ್ಕದ ಎರಡು ಫೋಟೊಗಳ ಬೆಳಕು ಮಾತ್ರ ಬೇರೆ ಇದ್ದರೆ ದೋಷ ಅಪರ್ಚರಿನದು. ಪ್ರತಿ ಕ್ಲಿಕ್ಕಿಗೂ ಲೆನ್ಸಿನ ಎಲೆಗಳು ತೆರೆದು ಮುಚ್ಚುತ್ತವೆ, ಪ್ರತಿ ಸಲವೂ ಕೂದಲೆಳೆಯಷ್ಟು ಆಚೀಚೆ ನಿಲ್ಲುತ್ತವೆ. f/11ರಲ್ಲಿ ತೂತು ಸಣ್ಣದು, ಹಾಗಾಗಿ ಆ ಕೂದಲೆಳೆಯೇ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಲೆನ್ಸನ್ನು ಪೂರ್ತಿ ತೆರೆದಿಟ್ಟಿದ್ದರೆ ಎಲೆಗಳು ಅಲುಗುವುದೇ ಇಲ್ಲ, ಈ ಮಿಣುಕೂ ಇಲ್ಲ. ಬೆಳಕು ಹೆಚ್ಚಾದರೆ ಎನ್‌ಡಿ ಫಿಲ್ಟರ್ ಹಾಕಿ. ‘ಮ್ಯಾನ್ಯುಯಲ್ ಇಟ್ಟರೆ ಮಿಣುಕು ಬಾರದು’ ಎಂದು ಹೇಳಿಕೊಡುವವರು ಇದನ್ನು ಹೇಳುವುದೇ ಇಲ್ಲ. ಅದಕ್ಕೇ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ.

ತೆಗೆದಾಗಿರುವ 750 ಫೋಟೊಗಳಿಗೆ ಮೊದಲು ಮಿಣುಕು ತೆಗೆಯಿರಿ, ಆಮೇಲೆ ಅಲುಗಾಟ. ತಿರುಗುಮುರುಗು ಮಾಡಬೇಡಿ. ಸ್ಟೆಬಿಲೈಸ್ ಮಾಡಿದ ಫ್ರೇಮುಗಳ ಅಂಚಿನಲ್ಲಿ ಕಪ್ಪು ಪಟ್ಟಿ ಬರುತ್ತದೆ, ಅದರ ಅಗಲ ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಮಿಣುಕು ತೆಗೆಯುವ ಸಾಧನ ಆ ಕಪ್ಪನ್ನೂ ಲೆಕ್ಕಕ್ಕೆ ಹಿಡಿದು, ಚಿತ್ರ ಮಬ್ಬಾಯಿತೆಂದು ಬೆಳಕು ಏರಿಸುತ್ತದೆ. ಇಲ್ಲದ ಮಿಣುಕನ್ನು ನಾವೇ ಹುಟ್ಟಿಸಿದಂತಾಗುತ್ತದೆ.

ಎಲ್ಲ ಫೋಟೊಗಳ ನಕಲನ್ನು ಬೇರೊಂದು ಫೋಲ್ಡರಿನಲ್ಲಿಟ್ಟು, IMG_0001.jpgಯಿಂದ ಕ್ರಮವಾಗಿ ಹೆಸರು ಕೊಟ್ಟು, ಆ ಫೋಲ್ಡರಿನಲ್ಲೇ ಟರ್ಮಿನಲ್ ತೆರೆದು ffmpegನ ಈ ಆಜ್ಞೆ ಓಡಿಸಿ:

```
ffmpeg -i IMG_%04d.jpg -vf deflicker=size=15:mode=pm out_%04d.png
```

ಪ್ರತಿ ಫ್ರೇಮನ್ನೂ ಅದರಿಂದ ಮುಂದಕ್ಕಿನ 15 ಫ್ರೇಮುಗಳ ಸರಾಸರಿ ಬೆಳಕಿಗೆ ಇದು ಹೊಂದಿಸುತ್ತದೆ. ನಿಮ್ಮ ಲೆಕ್ಕದಲ್ಲಿ 15 ಫ್ರೇಮೆಂದರೆ 75 ಸೆಕೆಂಡು. ಅಷ್ಟರಲ್ಲಿ ಸಂಜೆಯ ಬೆಳಕು ಹೆಚ್ಚೇನೂ ಇಳಿಯದು. ಸಂಖ್ಯೆಯನ್ನು 100ಕ್ಕೆ ಏರಿಸಬೇಡಿ, ಮೋಡದ ನೆರಳು ಬಂದುಹೋಗುವ ನಿಜವಾದ ಬದಲಾವಣೆಯೂ ಅಳಿಸಿಹೋಗುತ್ತದೆ. ಇದಕ್ಕೊಂದು ಮಿತಿಯಿದೆ: ಇದು ಇಡೀ ಚಿತ್ರದ ಸರಾಸರಿಯನ್ನು ಅಳೆಯುತ್ತದೆ. ಕಡಲ ಮೇಲೆ ಬಿಸಿಲು ಒಮ್ಮೆಲೇ ಥಳಥಳಿಸಿದರೆ ಸರಾಸರಿ ಏರುತ್ತದೆ, ಅದಕ್ಕೆ ಸರಿಯಾಗಿ ಕೋಟೆಯ ಗೋಡೆ ಕಪ್ಪಾಗುತ್ತದೆ. ಗೋಡೆಯನ್ನೇ ದಿಟ್ಟಿಸಿ ನೋಡಿ. ಕಡಲು ಹೊಳೆದಾಗಲೆಲ್ಲ ಗೋಡೆ ಮಂಕಾಗುತ್ತಿದ್ದರೆ LRTimelapseನಂಥ, ಅಳೆಯುವ ಜಾಗವನ್ನು ನಾವೇ ಚೌಕ ಎಳೆದು ಗುರುತಿಸಬಹುದಾದ ಸಾಫ್ಟ್‌ವೇರ್ ಬಳಸಿ, ಚೌಕವನ್ನು ಗೋಡೆಯ ಮೇಲೆ ಇಡಿ.

ಇನ್ನು ತೇಲಾಡುವ ಕೋಟೆ. ನಿಮ್ಮ ಚಿತ್ರದ ಹೆಚ್ಚಿನ ಭಾಗ ಮೋಡ ಮತ್ತು ತೆರೆ. ತಾನಾಗಿ ನಡೆಯುವ ಸ್ಟೆಬಿಲೈಸರ್‌ಗೆ ಮೋಡ ಓಡಿತೋ ಕ್ಯಾಮೆರಾ ತಿರುಗಿತೋ ತಿಳಿಯುವುದಿಲ್ಲ. ಮೋಡವನ್ನು ನಿಲ್ಲಿಸಲು ಹೋಗಿ ಅದು ಕೋಟೆಯನ್ನು ಎಳೆಯುತ್ತದೆ. ಹಾಗಾಗಿ ಬಿಂದುಗಳನ್ನು ನೀವೇ ಆರಿಸಬೇಕು. ಬ್ಲೆಂಡರಿನ ಮೂವಿ ಕ್ಲಿಪ್ ಎಡಿಟರ್‌ನಲ್ಲಿ ಫ್ರೇಮುಗಳನ್ನು ತೆರೆದು ಬುರುಜಿನ ಮೇಲೊಂದು, ಗೋಡೆಯ ದೂರದ ತುದಿಯಲ್ಲೊಂದು ಟ್ರ್ಯಾಕಿಂಗ್ ಬಿಂದು ಇಡಿ. ಒಂದೇ ಬಿಂದುವಿನಿಂದ ಪಕ್ಕಕ್ಕೆ ಸರಿದದ್ದು ತಿಳಿಯುತ್ತದೆಯೇ ಹೊರತು ವಾಲಿದ್ದು ತಿಳಿಯುವುದಿಲ್ಲ. ನಮ್ಮ ಊರಿನ ಮುರಕಲ್ಲು ಈ ಕೆಲಸಕ್ಕೆ ಬಲು ಒಳ್ಳೆಯದು, ಅದರ ತೂತುಗಳು ಒಂದರಂತೆ ಇನ್ನೊಂದಿರುವುದಿಲ್ಲ, ಬಿಂದು ಜಾರುವುದಿಲ್ಲ. ತೆಂಗಿನ ಗರಿ, ಹುಲ್ಲು, ಪ್ರವಾಸಿಗರು ಓಡಾಡುವ ಮೆಟ್ಟಿಲು ಬೇಡ. ಕತ್ತಲಾಗುತ್ತ ಬಂದಂತೆ ಬಿಂದು ಕೈತಪ್ಪಬಹುದು. ಕೊನೆಯ ನೂರು ಫ್ರೇಮುಗಳನ್ನು ಒಂದೊಂದಾಗಿ ನೋಡಿ, ತಪ್ಪಿದಲ್ಲಿ ಕೈಯಾರೆ ಸರಿಪಡಿಸಿ.

ಇದನ್ನೆಲ್ಲ ಫೋಟೊದ ಪೂರ್ಣ ಅಳತೆಯಲ್ಲೇ ಮಾಡಿ, ಕೊನೆಗೆ 3840 ಪಿಕ್ಸೆಲ್ ಅಗಲಕ್ಕೆ ಕತ್ತರಿಸಿ. ಕ್ಯಾಮೆರಾದ ಫೋಟೊ 6000 ಅಗಲವಿದ್ದರೆ ಕಪ್ಪು ಅಂಚು ಕತ್ತರಿಸಲು ಧಾರಾಳ ಜಾಗವಿರುತ್ತದೆ. ಮೊದಲೇ ಚಿಕ್ಕದು ಮಾಡಿದವರು ಆಮೇಲೆ ಹಿಗ್ಗಿಸಿ ಮಸುಕು ಮಾಡಿಕೊಳ್ಳುತ್ತಾರೆ. 25 ಫ್ರೇಮಿನ ವೇಗದಲ್ಲಿ ನಿಮಗೆ 30 ಸೆಕೆಂಡಿನ ವಿಡಿಯೊ ಸಿಗುತ್ತದೆ.

ಮುಂದಿನ ಸಲ ಕ್ಯಾಮೆರಾದ ಪಟ್ಟಿ ಬಿಚ್ಚಿಡಿ, ಟ್ರೈಪಾಡಿನ ನಡುಗಂಬ ಎತ್ತಬೇಡಿ. ಪೊಸಡಿ ಗುಂಪೆಯ ಮೇಲೆ ಗಾಳಿಗೆ ಬಡಿಯುತ್ತಿದ್ದ ಪಟ್ಟಿಯಿಂದಲೇ ನನ್ನ ಒಂದು ಇಡೀ ಬೆಳಗು ಹಾಳಾಗಿದೆ.

ಫ್ರೇಮ್ ಬ್ಲೆಂಡಿಂಗ್ ಹಾಕಿದರೆ ಮಿಣುಕು ಹೋಗುತ್ತದೆ ಎಂದು ಮದುವೆ ವಿಡಿಯೊ ಮಾಡುವವರೊಬ್ಬರು ಹೇಳಿದರು. ಹೌದೇ?
— ಮಂಜೇಶ್ವರದ ಓದುಗರು

ಇಲ್ಲ. ಮಿಣುಕು ಮಸುಕಾಗುತ್ತದೆ ಅಷ್ಟೆ, ಜೊತೆಗೆ ದೋಣಿಗೆಲ್ಲ ಎರಡೆರಡು ನೆರಳು ಬರುತ್ತದೆ.

ಬೆಳಕು ಒಂದೇ ಇದೆ, ಬಣ್ಣ ಮಾತ್ರ ನೀಲಿಗೂ ಹಳದಿಗೂ ಹಾರುತ್ತದೆ.
— ಬದಿಯಡ್ಕದ ಓದುಗರು

ಆಟೋ ವೈಟ್ ಬ್ಯಾಲೆನ್ಸ್. ರಾ ಇದ್ದರೆ ಎಲ್ಲಕ್ಕೂ ಒಂದೇ ಕೆಲ್ವಿನ್ ಕೊಡಿ. ಮೇಲಿನ ಆಜ್ಞೆ ಬಣ್ಣವನ್ನು ಮುಟ್ಟುವುದಿಲ್ಲ.